ಹೆಡ್ ಎಂದರೆ ಆಳವಲ್ಲ

‘ಚಾಲೂ ಮಾಡುವ ಮುನ್ನ ಮೋಟಾರಿಗೆ ಶುದ್ಧ ನೀರು ತುಂಬಿಸಿ.’

ಕೊಳವೆಬಾವಿಗೆ ಇಳಿಸುವ ಸಬ್‌ಮರ್ಸಿಬಲ್ ಪಂಪಿನ ಕೈಪಿಡಿಯಲ್ಲಿ ಈ ವಾಕ್ಯವಿದ್ದರೆ ಅದು ಸರಿಯಾದ ಸೂಚನೆ. ನೀರು ತುಂಬಿದ ಮಾದರಿಯ ಮೋಟಾರಿನೊಳಗೆ ತಾಮ್ರದ ಸುರುಳಿಗಳ ಸುತ್ತ ನೀರು ಇರಲೇಬೇಕು. ಮೋಟಾರನ್ನು ತಂಪಾಗಿಡುವುದೂ ಬೇರಿಂಗುಗಳು ಸವೆಯದಂತೆ ಕಾಯುವುದೂ ಅದೇ ನೀರು. ಅದನ್ನು ತುಂಬಲೆಂದೇ ಮೋಟಾರಿನ ಮೈಮೇಲೆ ಒಂದು ಬಿರಡೆ ಇರುತ್ತದೆ. ಇದೇ ವಾಕ್ಯ ತೆರೆದ ಬಾವಿಯ ಕಟ್ಟೆಯ ಮೇಲೆ ಕೂರುವ ಮಾನೋಬ್ಲಾಕ್ ಪಂಪಿನ ಕೈಪಿಡಿಗೆ ಬಂದರೆ ಮಾತ್ರ ಅನಾಹುತ. ಅಲ್ಲಿ ನೀರು ಹೊಯ್ಯಬೇಕಾದದ್ದು ಪಂಪಿನ ಒಳಕ್ಕೆ. ಪಕ್ಕದಲ್ಲೇ ಅಂಟಿಕೊಂಡಿರುವ ಮೋಟಾರಿಗೆ ನೀರು ಹೋದರೆ ಸುರುಳಿ ಸುಡುತ್ತದೆ, ಮುಟ್ಟಿದವರಿಗೆ ಕರೆಂಟ್ ಹೊಡೆಯುತ್ತದೆ.

ಇಂಥ ತಪ್ಪು ಅಜ್ಞಾನದಿಂದಲೇ ಆಗಬೇಕೆಂದಿಲ್ಲ. ನಮ್ಮ ಹಳ್ಳಿಗಳಲ್ಲಿ ಪಂಪು, ಮೋಟಾರು, ಪೈಪು ಎಲ್ಲ ಸೇರಿ ‘ಮೋಟ್ರು’. ‘ಮೋಟ್ರು ಇಳಿಸಿದ್ವಿ’, ‘ಮೋಟ್ರು ನೀರು ಎತ್ತುತ್ತಿಲ್ಲ’ ಎನ್ನುವಾಗ ಯಾರೂ ಎರಡು ಯಂತ್ರಗಳನ್ನು ಬೇರೆಬೇರೆಯಾಗಿ ಎಣಿಸುವುದಿಲ್ಲ. ಆ ಮಾತನ್ನು ಕೇಳಿ ಬೆಳೆದ ಅನುವಾದಕಿ ಪಂಪನ್ನು ‘ಮೋಟಾರು’ ಎಂದು ಬರೆಯುತ್ತಾಳೆ. ಅದೇ ಕೈಪಿಡಿಯ ಮುಂದಿನ ಅಧ್ಯಾಯವನ್ನು ಮಾಡುತ್ತಿರುವ ಗೆಳೆಯ ಪಂಪನ್ನು ‘ಪಂಪ್’ ಎಂದೂ ಮೂರನೆಯವರು ‘ರೇಚಕ’ ಎಂದೂ ಬರೆಯುತ್ತಾರೆ. ಮೂವರ ಕನ್ನಡವೂ ತಕ್ಕಮಟ್ಟಿಗೆ ಸರಿಯೇ. ಆದರೆ ಮೂರನ್ನೂ ಹೊಲಿದು ಒಂದು ಪುಸ್ತಕ ಮಾಡಿದಾಗ, ಇವು ಮೂರು ಬೇರೆ ಭಾಗಗಳೋ ಒಂದೇ ಭಾಗವೋ ಎಂಬುದು ಓದುವ ರೈತನಿಗೆ ತಿಳಿಯುವುದಿಲ್ಲ. ಇಂಗ್ಲಿಷಿನ ಯಾವ ಪದಕ್ಕೆ ಕನ್ನಡದ ಯಾವ ಪದ ಎಂದು ತಂಡದ ಎಲ್ಲರೂ ಒಪ್ಪಿಕೊಂಡ ದ್ವಿಭಾಷಾ ಪದಕೋಶ ಬೇಕಾಗುವುದು ಇಲ್ಲಿ.

ಪದಕೋಶ ಎಂದೊಡನೆ ಅಕಾರಾದಿಯಾಗಿ ಎಡಕ್ಕೊಂದು ಬಲಕ್ಕೊಂದು ಪದವಿರುವ ಪಟ್ಟಿ ನೆನಪಾಗುತ್ತದೆ. ಪಂಪಿನ ಕೆಲಸಕ್ಕೆ ಅಂಥ ಪಟ್ಟಿ ಸಾಲದು, ಎಷ್ಟೋ ಸಲ ದಾರಿಯನ್ನೂ ತಪ್ಪಿಸುತ್ತದೆ. ಪದದಿಂದ ಹೊರಡದೆ ವಸ್ತುವಿನಿಂದ, ಪರಿಕಲ್ಪನೆಯಿಂದ ಹೊರಡಬೇಕು. ಪರಿಭಾಷೆಯ ಕೆಲಸಕ್ಕೆ ಮಾರ್ಗಸೂಚಿಯಾಗಿರುವ ಐಎಸ್‌ಒ 704 ಎಂಬ ಮಾನಕದ ತಳಹದಿಯೂ ಇದೇ: ಮೊದಲು ಒಂದು ಪರಿಕಲ್ಪನೆ, ಅದಕ್ಕೊಂದು ವಿವರಣೆ, ಆಮೇಲೆ ಅದನ್ನು ಕರೆಯುವ ಹೆಸರುಗಳು. ಪಂಪಿನ ವಿಷಯದಲ್ಲಿ ಈ ತತ್ತ್ವವನ್ನು ಪಾಲಿಸುವುದು ಸುಲಭ, ಏಕೆಂದರೆ ಪ್ರತಿ ಕೈಪಿಡಿಯ ಕೊನೆಯಲ್ಲೂ ಬಿಡಿಭಾಗಗಳನ್ನು ಬಿಚ್ಚಿಟ್ಟು ನಂಬರ್ ಹಾಕಿದ ಚಿತ್ರವಿರುತ್ತದೆ. ಆ ಚಿತ್ರದಿಂದ ಆರಂಭಿಸಬೇಕು. ಪ್ರತಿ ನಂಬರಿಗೂ ಪದಕೋಶದಲ್ಲಿ ಒಂದು ನಮೂದು. ಕನ್ನಡ ಹೆಸರು ಇನ್ನೂ ಹೊಳೆಯದಿದ್ದರೂ ನಮೂದು ಇರಲಿ, ಆ ಭಾಗ ಏನು ಮಾಡುತ್ತದೆ ಎಂಬ ಒಂದು ಸಾಲಿನ ಕನ್ನಡ ವಿವರಣೆ ಇರಲಿ. ಆ ಸಾಲು ಬರೆಯಲು ಆಗದಿದ್ದರೆ ಭಾಗ ನಮಗೇ ಅರ್ಥವಾಗಿಲ್ಲ ಎಂದರ್ಥ. ಆಗ ನಿಘಂಟು ತೆರೆದು ಫಲವಿಲ್ಲ, ರಿಪೇರಿ ಅಂಗಡಿಗೆ ಹೋಗಬೇಕು.

ಮುಟ್ಟಿ ನೋಡಲಾಗದ ಪದಗಳು ಎರಡನೆಯ ರಾಶಿ: ಒತ್ತಡ, ಹರಿವು, ದಕ್ಷತೆ, ಮುಖ್ಯವಾಗಿ ಹೆಡ್. ಇವುಗಳ ವಿವರಣೆಗೆ ಮಾನಕಗಳೇ ಆಧಾರ. ದ್ರವ ಪಂಪುಗಳ ಪದಗಳು, ಸಂಕೇತಗಳು, ಮೂಲಮಾನಗಳಿಗೆ ಐಎಸ್‌ಒ 17769 ಇದೆ. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಯಂತ್ರಗಳ ಶಬ್ದಾವಳಿಗೆ ಐಎಸ್‌ಒ 5598 ಇದೆ. ಭಾರತೀಯ ಮಾನಕಗಳಲ್ಲಿ ಐಎಸ್ 8034 ಸಬ್‌ಮರ್ಸಿಬಲ್ ಪಂಪ್‌ಸೆಟ್ಟುಗಳದ್ದು, ಐಎಸ್ 9079 ಮಾನೋಬ್ಲಾಕ್‌ಗಳದ್ದು. ಇವು ಕನ್ನಡ ಹೆಸರು ಕೊಡುವುದಿಲ್ಲ. ಇಂಗ್ಲಿಷಿನ ಯಾವ ಪದ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬ ಗಡಿಯನ್ನು ತೋರಿಸುತ್ತವೆ, ನಮಗೆ ಬೇಕಾದದ್ದೂ ಅಷ್ಟೇ.

ಇಡೀ ಪದಕೋಶದಲ್ಲಿ ಅತಿ ಹೆಚ್ಚು ಹೊತ್ತು ಬೇಡುವ ಪದ ‘ಹೆಡ್’. ಪಂಪು ನಿರ್ದಿಷ್ಟ ತೂಕದ ನೀರಿಗೆ ಎಷ್ಟು ಶಕ್ತಿ ಕೊಡುತ್ತದೆ ಎಂಬುದನ್ನು ಮೀಟರುಗಳಲ್ಲಿ ಹೇಳುವ ಅಳತೆ ಅದು. ಮೀಟರಿನಲ್ಲಿ ಇರುವುದರಿಂದ ಅನುವಾದಕರಿಗೆ ಅದು ಎತ್ತರದಂತೆ ಕಾಣುತ್ತದೆ. ಕೊಳವೆಬಾವಿಯ ಮಾತು ಬಂದಾಗ ಆಳದಂತೆ ಕಾಣುತ್ತದೆ. ಪಕ್ಕದಲ್ಲಿ ಒತ್ತಡಮಾಪಕದ ಚಿತ್ರವಿದ್ದರೆ ಒತ್ತಡದಂತೆಯೂ ಕಾಣುತ್ತದೆ. ಹೀಗೆ ಒಂದೇ ಕೈಪಿಡಿಯಲ್ಲಿ ‘ಒಟ್ಟು ಎತ್ತರ’, ‘ಒಟ್ಟು ಆಳ’, ‘ಒಟ್ಟು ಒತ್ತಡ’ ಮೂರೂ ನುಸುಳುತ್ತವೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕೊಳವೆಬಾವಿಯಲ್ಲಿ ಪಂಪು ನಿಂತಿರುವಾಗ ನೀರು ನೆಲದಿಂದ 60 ಮೀಟರ್ ಕೆಳಗಿದೆ. ಪಂಪು ಓಡತೊಡಗಿದ ಮೇಲೆ ನೀರು ಇನ್ನೂ 18 ಮೀಟರ್ ಇಳಿದು 78 ಮೀಟರಿನಲ್ಲಿ ನಿಲ್ಲುತ್ತದೆ. ನೀರು ಎಂದೂ ಬತ್ತದಿರಲೆಂದು ಪಂಪನ್ನು ಅದಕ್ಕೂ ಕೆಳಗೆ, 96 ಮೀಟರಿನಲ್ಲಿ ತೂಗುಹಾಕಿದ್ದಾರೆ. ನೀರು ಬೀಳುವ ತೊಟ್ಟಿಯ ಬಾಯಿ ನೆಲದಿಂದ 7 ಮೀಟರ್ ಮೇಲಿದೆ. ಪೈಪಿನೊಳಗಿನ ಘರ್ಷಣೆಗೆ 5 ಮೀಟರ್ ಹೋಗುತ್ತದೆ ಎಂದುಕೊಳ್ಳಿ. ಒಟ್ಟು ಹೆಡ್ ಎಷ್ಟು? 78ಕ್ಕೆ 7, ಅದಕ್ಕೆ 5 ಕೂಡಿಸಿದರೆ 90 ಮೀಟರ್. ಪಂಪು ತೂಗುತ್ತಿರುವ 96 ಮೀಟರ್ ಈ ಲೆಕ್ಕಕ್ಕೆ ಬರುವುದೇ ಇಲ್ಲ, ಏಕೆಂದರೆ ನೀರಿನ ಮಟ್ಟದಿಂದ ಕೆಳಗಿರುವಷ್ಟು ದೂರ ನೀರನ್ನು ಎತ್ತುವ ಹೊರೆ ಪಂಪಿನ ಮೇಲಿಲ್ಲ. ಸುತ್ತಲಿನ ನೀರೇ ಒತ್ತಿ ಆ ಕೆಲಸ ಮಾಡಿಬಿಡುತ್ತದೆ.

ಈಗ ಕೈಪಿಡಿಯ ಕೋಷ್ಟಕದಲ್ಲಿ ‘ಒಟ್ಟು ಹೆಡ್ 90 ಮೀಟರ್’ ಎಂದಿರಬೇಕಾದ ಕಡೆ ‘ಆಳ 90 ಮೀಟರ್’ ಎಂದು ಅಚ್ಚಾಗಿದೆ ಎನ್ನಿ. ರೈತ ಓದಿ, ‘ನಮ್ಮದು 96 ಮೀಟರಿಗೆ ಇಳಿಸಿದ್ದು, ಇದು ಸಾಲದು’ ಎಂದು 110 ಮೀಟರಿನ ಪಂಪನ್ನು ಕೊಳ್ಳುತ್ತಾನೆ. ಆ ಪಂಪಿಗೆ ಎದುರಾಗುವ ಹೊರೆ ಅದರ ವಿನ್ಯಾಸಕ್ಕಿಂತ ಕಡಿಮೆ, ಹಾಗಾಗಿ ಅದು ಬೇಕಾದ್ದಕ್ಕಿಂತ ಹೆಚ್ಚು ನೀರು ಎತ್ತುತ್ತದೆ. ಮೋಟಾರು ಹೆಚ್ಚು ಆಂಪಿಯರ್ ಎಳೆಯಬಹುದು. ಬಾವಿಗೆ ಅಷ್ಟು ನೀರು ಒಸರುವ ಶಕ್ತಿ ಇಲ್ಲದಿದ್ದರೆ ಮಟ್ಟ ಕುಸಿದು ಪಂಪು ಒಣಗಿ ಓಡುತ್ತದೆ. ಆಳದ ಬದಲು ನಿಂತ ನೀರಿನ ಮಟ್ಟವನ್ನು ಹಿಡಿದು ಲೆಕ್ಕ ಹಾಕುವವರ ಪಾಡು ಇದರ ತಿರುಗುಮುರುಗು: 72 ಮೀಟರಿನ ಪಂಪು ತಂದು, ನೀರು ಮೇಲೆ ಬರದೆ ಕಂಪನಿಯನ್ನು ಬೈಯುತ್ತಾರೆ. ಜೊತೆಗೆ ಅಡಿಯ ತೊಡಕೂ ಇದೆ. ಬಾವಿಯ ಆಳವನ್ನು ನಮ್ಮವರು ಅಡಿಯಲ್ಲೇ ಹೇಳುವುದು, ಪಂಪಿನ ನೇಮ್‌ಪ್ಲೇಟ್ ಮೀಟರಿನಲ್ಲಿರುತ್ತದೆ. 90 ಮೀಟರ್ ಎಂದರೆ ಸುಮಾರು 295 ಅಡಿ.

ಹೀಗಾಗಿ ಈ ಪದಕ್ಕೆ ಕನ್ನಡದ ಯಾವುದಾದರೂ ಒಳ್ಳೆಯ ಪದ ಹುಡುಕುವ ಆಸೆಯನ್ನು ಬಿಡುವುದೇ ವಿವೇಕ ಎಂಬುದು ನನ್ನ ಅಭಿಪ್ರಾಯ. ‘ಶೀರ್ಷ’ ಎಂದರೆ ಓದುಗ ಶೀರ್ಷಿಕೆಯನ್ನು ನೆನೆಯುತ್ತಾನೆ. ‘ಎತ್ತರ’, ‘ಆಳ’ ಎಂಬ ಪದಗಳು ತಮ್ಮದೇ ಅರ್ಥದಲ್ಲಿ ಅದೇ ಪುಟದಲ್ಲಿ ಬೇಕಾಗುತ್ತವೆ, ಅವನ್ನು ಇನ್ನೊಂದಕ್ಕೆ ಎರವಲು ಕೊಡಲಾಗದು. ಅಂಗಡಿಯವರು ‘ಎಷ್ಟು ಹೆಡ್ ಬೇಕು?’ ಎಂದೇ ಕೇಳುತ್ತಾರೆ, ನೇಮ್‌ಪ್ಲೇಟಿನ ಮೇಲೂ ಹಾಗೇ ಕೆತ್ತಿರುತ್ತದೆ. ‘ಹೆಡ್’ ಎಂದೇ ಉಳಿಸಿ, ಕೈಪಿಡಿಯ ಮೊದಲ ಪುಟಗಳಲ್ಲಿ ಚಿತ್ರ ಬರೆದು ಒಮ್ಮೆ ವಿವರಿಸಿದರೆ ಸಾಕು. ಪದಕೋಶದ ಕಡತದಲ್ಲಿ ಆ ನಮೂದು ಹೀಗಿರುತ್ತದೆ:

```
id;en;kn;kn_forbidden;unit
P-014;total head;ಒಟ್ಟು ಹೆಡ್;ಒಟ್ಟು ಆಳ|ಒಟ್ಟು ಎತ್ತರ|ಒಟ್ಟು ಒತ್ತಡ;m
```

ಇದರಲ್ಲಿ ಬಳಸಬೇಕಾದ ಪದದಷ್ಟೇ ಮುಖ್ಯವಾದದ್ದು ಬಳಸಬಾರದ ಪದಗಳ ಅಂಕಣ. ಹೊಸದಾಗಿ ತಂಡ ಸೇರಿದವರು ಮೊದಲು ಮಾಡುವುದು ಹಳಬರು ಮಾಡಿ ತಿದ್ದಿಕೊಂಡ ತಪ್ಪನ್ನೇ. ‘ಒಟ್ಟು ಆಳ’ ಎಂಬುದನ್ನು ತಂಡ ಆಗಲೇ ಯೋಚಿಸಿ ಕೈಬಿಟ್ಟಿದೆ ಎಂದು ಆ ಅಂಕಣ ಹೇಳದಿದ್ದರೆ ಅದು ಪ್ರತಿ ವರ್ಷ ಮರಳಿ ಬರುತ್ತದೆ. ಏಕೆ ಕೈಬಿಟ್ಟಿತೆಂಬ ಟಿಪ್ಪಣಿ, ಒಂದು ಮಾದರಿ ವಾಕ್ಯ, ಒಪ್ಪಿಗೆಯ ತಾರೀಕು ಇನ್ನಷ್ಟು ಅಂಕಣಗಳಲ್ಲಿ ಇರುತ್ತವೆ.

ಇಂಗ್ಲಿಷಿನ ಒಂದೇ ಪದ ಎರಡು ವಸ್ತುಗಳನ್ನು ಹೇಳುವುದು ಇನ್ನೊಂದು ಕಷ್ಟ. ಕೇಸಿಂಗ್ ಎಂದರೆ ಕೊಳವೆಬಾವಿಯ ಗೋಡೆ ಕುಸಿಯದಂತೆ ಇಳಿಸುವ ಪೈಪು. ಪಂಪಿನ ಇಂಪೆಲ್ಲರನ್ನು ಸುತ್ತುವರಿದ ಎರಕದ ಕವಚವೂ ಕೇಸಿಂಗೇ. ‘ಕೇಸಿಂಗ್ ಬಿರುಕು ಬಿಟ್ಟಿದೆಯೇ ಪರೀಕ್ಷಿಸಿ’ ಎಂಬ ಸೂಚನೆಗೆ ಮೊದಲನೆಯ ಅರ್ಥ ಹಿಡಿದರೆ ಬೋರ್‌ವೆಲ್ ಲಾರಿಯನ್ನೇ ಕರೆಸಬೇಕಾದೀತು. ಇಲ್ಲಿ ಎರಡು ನಮೂದು ಮಾಡಿ, ಒಂದಕ್ಕೆ ‘ಕೇಸಿಂಗ್ ಪೈಪು’, ಇನ್ನೊಂದಕ್ಕೆ ‘ಪಂಪ್ ಕೇಸಿಂಗ್’ ಎಂದು ಕೊಟ್ಟು, ಒಂಟಿ ‘ಕೇಸಿಂಗ್’ ಎಲ್ಲೂ ಬರಬಾರದೆಂದು ನಿಯಮ ಮಾಡಿದರೆ ಮುಗಿಯಿತು. ಡಿಸ್ಚಾರ್ಜ್ ಎಂಬುದಕ್ಕೆ ಮೂರು ಅರ್ಥ. ಗಂಟೆಗೋ ಸೆಕೆಂಡಿಗೋ ಹೊರಬರುವ ನೀರಿನ ಪ್ರಮಾಣ ಒಂದು, ಪಂಪಿನ ಹೊರದಾರಿ ಇನ್ನೊಂದು, ಸ್ಟಾರ್ಟರ್ ಪೆಟ್ಟಿಗೆಯ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ಇಳಿಸುವುದು ಮತ್ತೊಂದು.

ಮೊದಲನೆಯ ಅರ್ಥದ ಬಗ್ಗೆ ಒಂದು ಮಾತು ಸೇರಿಸಬೇಕು. ‘ಎರಡಿಂಚು ನೀರು ಬಿದ್ದಿದೆ’ ಎಂದು ನಮ್ಮ ಕಡೆ ಸಂಭ್ರಮದಿಂದ ಹೇಳುತ್ತೇವಲ್ಲ, ಅದನ್ನು ಪದಕೋಶಕ್ಕೆ ಸೇರಿಸಿ ಓದುಗನ ನುಡಿಗೆ ಹತ್ತಿರವಾಗುವ ಆಸೆ ಆಗುತ್ತದೆ. ಆದರೆ ಆ ಇಂಚು ಎಲ್ಲರಿಗೂ ಒಂದೇ ಅಲ್ಲ. ಬಾವಿ ಕೊರೆದವರು ಆಂಗ್ಲದ ವಿ ಆಕಾರದಲ್ಲಿ, 90 ಡಿಗ್ರಿಗೆ ಕತ್ತರಿಸಿದ ತಗಡಿನ ಮೇಲೆ ಹರಿಯುವ ನೀರಿನ ಎತ್ತರವನ್ನು ಅಳೆದು ಹೇಳಿದ್ದರೆ, ಎರಡಿಂಚು ಎಂದರೆ ನಿಮಿಷಕ್ಕೆ ಸುಮಾರು 48 ಲೀಟರ್. ಒಂದಿಂಚು ಎಂದರೆ ಅದರ ಅರ್ಧವಲ್ಲ, ಎಂಟೂವರೆ ಲೀಟರ್ ಮಾತ್ರ. ಇನ್ನೊಬ್ಬರು ಎರಡಿಂಚಿನ ಪೈಪು ತುಂಬಿ ಬರುವುದಕ್ಕೆ ಅದೇ ಮಾತನ್ನು ಬಳಸುತ್ತಾರೆ, ಅದು ಇದರ ಎಷ್ಟೋ ಪಟ್ಟು. ಹಾಗಾಗಿ ಇಂಚು ಬಳಸಬಾರದ ಅಂಕಣಕ್ಕೆ ಹೋಗುತ್ತದೆ, ‘ನಿಮಿಷಕ್ಕೆ ಇಷ್ಟು ಲೀಟರ್’ ಉಳಿಯುತ್ತದೆ. ಆಡುಮಾತಿನ ಮೇಲಿನ ಪ್ರೀತಿ ದೊಡ್ಡದೇ, ಆದರೆ ಅಳತೆಯ ವಿಷಯದಲ್ಲಿ ಅದಕ್ಕೆ ಸೋಲಬಾರದು.

ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. ಹೋದ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವನ್ನು ಇಂಗ್ಲಿಷ್ ಬರೆದ ಎಂಜಿನಿಯರು ಒಂದು ಕಡೆ ಚೆಕ್ ವಾಲ್ವ್ ಎನ್ನುತ್ತಾರೆ, ಇನ್ನೊಂದು ಕಡೆ ನಾನ್‌ರಿಟರ್ನ್ ವಾಲ್ವ್, ನೀರು ಸರಬರಾಜಿನವರ ರೂಢಿಯಲ್ಲಿ ರಿಫ್ಲಕ್ಸ್ ವಾಲ್ವ್. ಮೂರಕ್ಕೂ ಮೂರು ಕನ್ನಡ ಕೊಟ್ಟರೆ ರೈತ ಮೂರು ವಾಲ್ವ್ ಕೊಳ್ಳಲು ಹೊರಟಾನು. ಪರಿಕಲ್ಪನೆಯನ್ನು ಆಧರಿಸಿದ ಪದಕೋಶದಲ್ಲಿ ಇವು ಮೂರೂ ಒಂದೇ ನಮೂದಿನ ಒಳಗೆ ಕೂರುತ್ತವೆ, ಕನ್ನಡ ಒಂದೇ: ‘ಎನ್‌ಆರ್‌ವಿ’.

ಹೀರುವ ಕಡೆಯ ಎರಡು ಪದಗಳು ನೋಡಲು ಅವಳಿಗಳಂತಿದ್ದರೂ ಒಂದೇ ಅಲ್ಲ, ಅವನ್ನು ಕೂಡಿಸುವುದು ದೊಡ್ಡ ತಪ್ಪು. ನೀರು ಪಂಪಿಗಿಂತ ಕೆಳಗಿದ್ದರೆ ಸಕ್ಷನ್ ಲಿಫ್ಟ್. ನೀರು ಪಂಪಿಗಿಂತ ಮೇಲಿದ್ದು ತಾನಾಗಿ ಇಳಿದು ಬರುತ್ತಿದ್ದರೆ ಸಕ್ಷನ್ ಹೆಡ್. ಒಂದು ಪಂಪಿಗೆ ಹೊರೆ, ಇನ್ನೊಂದು ನೆರವು. ಎರಡಕ್ಕೂ ‘ಹೀರುವ ಎತ್ತರ’ ಎಂದು ಬರೆದರೆ ಲೆಕ್ಕದಲ್ಲಿ ಕಳೆಯಬೇಕಾದದ್ದನ್ನು ಕೂಡಿಸಿದಂತಾಗುತ್ತದೆ. ಪಂಪು ನೀರನ್ನು ‘ಎಳೆಯುತ್ತದೆ’ ಎಂದು ನಾವು ಹೇಳುವುದಾದರೂ ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು ಸುಮಾರು 10.3 ಮೀಟರ್ ನೀರಿನ ಕಂಬಕ್ಕೆ ಸಮ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒಂಬತ್ತು ಮೀಟರಿಗೆ ಸ್ವಲ್ಪ ಹೆಚ್ಚು. ಘರ್ಷಣೆ, ಪಂಪಿನ ಬಾಯಲ್ಲಿ ಉಳಿಯಬೇಕಾದ ಒತ್ತಡ ಎಲ್ಲ ಕಳೆದರೆ ಬಳಕೆಗೆ ಸಿಗುವುದು ಐದಾರು ಮೀಟರ್. ಆದ್ದರಿಂದ ಈ ನಮೂದಿನ ಟಿಪ್ಪಣಿಯಲ್ಲಿ, ನೀರು ಯಾವ ಕಡೆ ಇದೆಯೆಂದು ತೋರಿಸುವ ಎರಡು ಪುಟ್ಟ ಚಿತ್ರಗಳನ್ನೇ ಅಂಟಿಸುವುದು ಒಳ್ಳೆಯದು.

ಎಣ್ಣೆಯ ಹೈಡ್ರಾಲಿಕ್ಸ್ ಅದೇ ತಂಡದ ಕೈಗೆ ಬಂದರೆ ಪದಕೋಶಕ್ಕೆ ‘ಕ್ಷೇತ್ರ’ ಎಂಬ ಅಂಕಣ ಬೇಕಾಗುತ್ತದೆ. ಟ್ರ್ಯಾಕ್ಟರಿನ ಲಿಫ್ಟ್ ಎಂದರೆ ನೇಗಿಲನ್ನು ಮೇಲೆತ್ತುವ ವ್ಯವಸ್ಥೆ, ಬಾವಿಯ ಲಿಫ್ಟಿಗೂ ಅದಕ್ಕೂ ಸಂಬಂಧವಿಲ್ಲ. ಡಿಸ್‌ಪ್ಲೇಸ್‌ಮೆಂಟ್ ಪದಕ್ಕೆ ಶಾಲೆಯ ವಿಜ್ಞಾನ ಪುಸ್ತಕದ ‘ಸ್ಥಾನಪಲ್ಲಟ’ ಥಟ್ಟನೆ ನೆನಪಾಗುತ್ತದೆ. ಹೈಡ್ರಾಲಿಕ್ ಪಂಪಿನಲ್ಲಿ ಅದರ ಅರ್ಥ ಒಂದು ಸುತ್ತಿಗೆ ಪಂಪು ಹೊರದೂಡುವ ಎಣ್ಣೆಯ ಪ್ರಮಾಣ. ಸುತ್ತಿಗೆ 20 ಘನ ಸೆಂಟಿಮೀಟರ್ ದೂಡುವ ಪಂಪು ನಿಮಿಷಕ್ಕೆ 1,500 ಸುತ್ತು ತಿರುಗಿದರೆ, ಸೋರಿಕೆ ಬಿಟ್ಟು, 30 ಲೀಟರ್. ಇಲ್ಲಿ ‘ಪ್ರತಿ ಸುತ್ತಿನ ಹೊರದೂಡಿಕೆ’ ಎಂದರೆ ಅರ್ಥವಾಗುತ್ತದೆ. ಸ್ಥಾನಪಲ್ಲಟವಾದರೆ ಪಂಪೇ ಜಾಗ ಬಿಟ್ಟು ಕದಲಿತೇನೋ ಎನ್ನಿಸುತ್ತದೆ.

ಯಾವ ಪದವನ್ನು ಕನ್ನಡಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬ ವಾದ ಪ್ರತಿ ತಂಡದಲ್ಲೂ ನಡೆಯುತ್ತದೆ. 1961ರಲ್ಲಿ ಸ್ಥಾಪನೆಯಾದ ಕೇಂದ್ರದ ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗವೂ ಅಂತರರಾಷ್ಟ್ರೀಯವಾಗಿ ನೆಲೆಗೊಂಡ ಪದಗಳನ್ನು ಆದಷ್ಟೂ ಹಾಗೇ ಉಳಿಸಿ, ಪರಿಕಲ್ಪನೆಯ ಪದಗಳನ್ನು ಅನುವಾದಿಸುವ ಮಾರ್ಗ ಹಿಡಿದಿತ್ತು. ನನ್ನ ಅಳತೆಗೋಲು ಇನ್ನೂ ಸರಳ. ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳಬೇಕಾದ ವಸ್ತುವಾದರೆ ಅಂಗಡಿಯ ಹೆಸರೇ ಇರಲಿ: ಫುಟ್‌ವಾಲ್ವ್, ಇಂಪೆಲ್ಲರ್, ಬೇರಿಂಗ್. ‘ಪಾದಕವಾಟ’ ಕೇಳಿದರೆ ಯಾವ ಅಂಗಡಿಯವನೂ ಕೊಡಲಾರ. ಓದುಗ ಮಾಡಬೇಕಾದ ಕೆಲಸ ಅಥವಾ ಕಣ್ಣಿಗೆ, ಕಿವಿಗೆ ತೋರುವ ಲಕ್ಷಣವಾದರೆ ಕನ್ನಡವೇ ಇರಲಿ: ನೀರು ತುಂಬಿಸುವುದು, ಗಾಳಿ ಎಳೆಯುವುದು, ಸೋರಿಕೆ, ಅದುರುವಿಕೆ, ಒಣ ಓಟ.

ಕ್ಯಾವಿಟೇಷನ್ ಈ ಎರಡರ ನಡುವೆ ಸಿಕ್ಕಿಬೀಳುವ ಪದ. ಇಂಪೆಲ್ಲರಿನ ಬಾಯಲ್ಲಿ ಒತ್ತಡ ತೀರಾ ಕುಸಿದಾಗ ತಣ್ಣನೆಯ ನೀರೇ ಅಲ್ಲಲ್ಲಿ ಆವಿಯಾಗಿ ಗುಳ್ಳೆಗಟ್ಟುತ್ತದೆ. ಒತ್ತಡ ಹೆಚ್ಚಿರುವ ಜಾಗಕ್ಕೆ ಬಂದೊಡನೆ ಆ ಗುಳ್ಳೆಗಳು ಒಡೆದು ಲೋಹವನ್ನು ಕೊರೆಯುತ್ತವೆ. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬರುತ್ತದೆ. ಇದನ್ನು ಅನುವಾದಕರು ‘ಗಾಳಿಗುಳ್ಳೆ’ ಎಂದು ಬರೆದರೆ ವಾಕ್ಯ ಓದಲು ಸುಗಮ, ರಿಪೇರಿ ಮಾತ್ರ ತಪ್ಪು. ಗಾಳಿ ಎಂದೊಡನೆ ಮೆಕ್ಯಾನಿಕ್ ಹೀರುಪೈಪಿನ ಜೋಡಣೆಗಳಲ್ಲಿ ಬಿರುಕು ಹುಡುಕುತ್ತಾನೆ, ದಾರ ಸುತ್ತಿ ಬಿಗಿ ಮಾಡುತ್ತಾನೆ. ಆವಿಗುಳ್ಳೆಗೆ ಅದರಿಂದ ಏನೂ ಆಗುವುದಿಲ್ಲ. ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಬೇಕು, ಅಗಲದ ಹೀರುಪೈಪು ಹಾಕಬೇಕು, ಫುಟ್‌ವಾಲ್ವಿನ ಜಾಲರಿಯಲ್ಲಿ ಸಿಕ್ಕ ಕಸ ತೆಗೆಯಬೇಕು. ಪದಕೋಶದಲ್ಲಿ ‘ಕ್ಯಾವಿಟೇಷನ್’ ಉಳಿಸಿ, ಮೊದಲ ಬಳಕೆಯಲ್ಲಿ ‘ಆವಿಗುಳ್ಳೆಯ ಕೊರೆತ’ ಎಂದು ಜೊತೆಗೆ ಕೊಟ್ಟು, ‘ಗಾಳಿಗುಳ್ಳೆ’ಯನ್ನು ನಿಷೇಧಿಸಬೇಕು.

ಗ್ಲ್ಯಾಂಡ್ ಪ್ಯಾಕಿಂಗ್ ಮತ್ತು ಮೆಕ್ಯಾನಿಕಲ್ ಸೀಲ್ ಕೂಡ ಇಂಥ ಜೋಡಿ. ಎರಡೂ ತಿರುಗುವ ಶಾಫ್ಟಿನ ಸುತ್ತ ನೀರು ಸೋರದಂತೆ ಕಾಯುತ್ತವೆ, ಆದ್ದರಿಂದ ಎರಡನ್ನೂ ‘ಸೀಲ್’ ಎಂದುಬಿಡುವುದು ಸಹಜ. ಆದರೆ ಗ್ಲ್ಯಾಂಡ್ ಪ್ಯಾಕಿಂಗ್ ಹನಿಹನಿಯಾಗಿ ತೊಟ್ಟಿಕ್ಕುತ್ತಿರಲೇಬೇಕು. ಆ ಹನಿಯೇ ಅದನ್ನು ತಂಪಾಗಿಡುವುದು. ಮೆಕ್ಯಾನಿಕಲ್ ಸೀಲ್ ಕಣ್ಣಿಗೆ ಕಾಣುವಂತೆ ತೊಟ್ಟಿಕ್ಕಿದರೆ ಕೆಟ್ಟಿದೆ ಎಂದು ಲೆಕ್ಕ. ‘ಸೀಲ್ ಸೋರುತ್ತಿದ್ದರೆ ಸರಿಪಡಿಸಿ’ ಎಂಬ ಒಂದೇ ಸಾಲನ್ನು ನಂಬಿ ಗ್ಲ್ಯಾಂಡ್ ಬೋಲ್ಟುಗಳನ್ನು ಕೊನೆಯವರೆಗೂ ಬಿಗಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟಿನ ಮೇಲೆ ಗೀರು ಬೀಳುತ್ತದೆ.

ಇಷ್ಟೆಲ್ಲ ತೀರ್ಮಾನಿಸಿ ಕಡತ ಮಾಡಿಟ್ಟ ಮೇಲೆ ಅದನ್ನು ಎಲ್ಲರೂ ಪಾಲಿಸುತ್ತಿದ್ದಾರೆಯೇ ಎಂದು ನೋಡುವುದು ಹೇಗೆ? ಅನುವಾದದ ತಂತ್ರಾಂಶಗಳಲ್ಲಿ ಪದಕೋಶವನ್ನು ಸೇರಿಸಿದರೆ, ಇಂಗ್ಲಿಷಿನಲ್ಲಿ ಆ ಪದ ಬಂದಾಗಲೆಲ್ಲ ಕನ್ನಡದಲ್ಲಿ ನಿಗದಿಯಾದ ಪದ ಇದೆಯೇ ಎಂದು ಅವು ಹುಡುಕುತ್ತವೆ. ಇಂಗ್ಲಿಷಿಗೆಂದು ಹೊಲಿದ ಈ ಹುಡುಕಾಟ ಕನ್ನಡದಲ್ಲಿ ಎಡವುತ್ತದೆ. ‘ಒತ್ತಡ’ ಎಂಬುದು ‘ಒತ್ತಡದ’, ‘ಒತ್ತಡಕ್ಕೆ’, ‘ಒತ್ತಡವನ್ನು’ ಆದಾಗ ಪೂರ್ತಿ ಪದವನ್ನೇ ಹುಡುಕುವ ತಂತ್ರಾಂಶ ‘ಪದ ಇಲ್ಲ’ ಎನ್ನುತ್ತದೆ. ಪದದ ಆರಂಭವನ್ನಷ್ಟೇ ಹೋಲಿಸುವಂತೆ ಹೊಂದಿಸಿದರೆ ಇವು ಸಿಗುತ್ತವೆ. ಆದರೆ ‘ನೀರಿನೊತ್ತಡ’ ಎಂದು ಬರೆದಾಗ ಲೋಪಸಂಧಿಯಾಗಿ ಒ ಎಂಬ ಅಕ್ಷರವೇ ಮಾಯವಾಗಿ, ನಕಾರದ ಮೇಲಿನ ಸ್ವರಚಿಹ್ನೆಯಾಗಿ ಕೂತಿರುತ್ತದೆ. ಆಗ ಈ ಮಾದರಿಯಲ್ಲಿ ಹುಡುಕಬೇಕು:

```
[ಒೊ]ತ್ತಡ
```

ಚೌಕ ಆವರಣದಲ್ಲಿ ಸ್ವತಂತ್ರ ಸ್ವರವೂ ಅದರ ಚಿಹ್ನೆಯೂ ಇವೆ, ಯಾವುದು ಬಂದರೂ ಸಿಗುತ್ತದೆ. ಪ್ರತಿ ಪದಕ್ಕೂ ಹೀಗೆ ಮಾದರಿ ಕಟ್ಟುವುದಕ್ಕಿಂತ ಪಾರಿಭಾಷಿಕ ಪದಗಳನ್ನು ಸಂಧಿ ಮಾಡದೆ ಬಿಡಿಸಿಯೇ ಬರೆಯಬೇಕೆಂಬ ನಿಯಮ ಮೇಲು. ‘ಹೀರುಗೊಳವೆ’ ಬೇಡ, ‘ಹೀರು ಕೊಳವೆ’ ಇರಲಿ ಅಥವಾ ತಂಡ ಒಪ್ಪಿದರೆ ‘ಹೀರುಪೈಪು’. ಬಿಡಿಸಿ ಬರೆದದ್ದು ಹೊಲದ ಬದಿಯಲ್ಲಿ ನಿಂತು ಓದುವವರಿಗೂ ಸುಲಭ.

ಎರವಲು ಪದಗಳಿಗೆ ವಿಭಕ್ತಿ ಹತ್ತಿಸುವಾಗಲೂ ತಂಡ ಒಡೆಯುತ್ತದೆ. ಒಬ್ಬರು ‘ಪಂಪ್‌ನ’, ಇನ್ನೊಬ್ಬರು ‘ಪಂಪಿನ’. ಮೊದಲನೆಯದನ್ನು ಸರಿಯಾಗಿ ಮೂಡಿಸಲು ಪ ಮತ್ತು ನ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು, ಯೂನಿಕೋಡಿನಲ್ಲಿ ಅದು `U+200C`. ಅದನ್ನು ಒಬ್ಬರು ಒತ್ತುತ್ತಾರೆ, ಒಬ್ಬರು ಮರೆಯುತ್ತಾರೆ. ಮರೆತಾಗ ಪಕಾರಕ್ಕೆ ನಕಾರದ ಒತ್ತು ಬಿದ್ದು ‘ಪಂಪ್ನ’ ಆಗುತ್ತದೆ. ಪರದೆಯ ಮೇಲೆ ಒಂದೇ ರೀತಿ ಕಾಣುವ ಎರಡು ಪದಗಳು ಒಳಗೆ ಬೇರೆಯಾಗಿದ್ದು ಹುಡುಕಾಟದಲ್ಲಿ ಸಿಗದೆ ಹೋಗುವುದೂ ಉಂಟು. ಈ ಕಾರಣಕ್ಕೇ ನಾನು ‘ಪಂಪು, ಪಂಪಿನ, ಪಂಪಿಗೆ’ ಎಂಬ ಉಕಾರಾಂತ ರೂಪದ ಪರ. ನಮ್ಮ ನಾಲಿಗೆಗೂ ಅದು ಒಗ್ಗಿದೆ. ಪದಕೋಶದಲ್ಲಿ ಪ್ರತಿ ಎರವಲು ಪದದ ಮುಂದೆ ಅದರ ಷಷ್ಠಿ ರೂಪವನ್ನೂ ಬರೆದಿಟ್ಟರೆ, ಉಳಿದ ವಿಭಕ್ತಿಗಳು ತಾವೇ ಅದರ ಹಿಂದೆ ಬರುತ್ತವೆ.

ಇಂಥ ತಪಾಸಣೆಗೆ ಒಂದು ಮಿತಿಯಿದೆ. ಪದ ಇದೆಯೇ ಎಂದು ಯಂತ್ರ ಹೇಳಬಲ್ಲದು, ಅದು ಸರಿಯಾದ ಜಾಗದಲ್ಲಿದೆಯೇ ಎಂದು ಹೇಳಲಾರದು. ‘ಒತ್ತಡ ಕಡಿಮೆಯಿದ್ದರೆ ಪಂಪನ್ನು ನಿಲ್ಲಿಸಿ’ ಎಂಬ ವಾಕ್ಯದಲ್ಲಿ ಅನುಮೋದಿತ ಪದವೇ ಇದೆ. ಆದರೆ ಮೂಲದಲ್ಲಿದ್ದದ್ದು ವೋಲ್ಟೇಜ್, ಅನುವಾದಕರು ಅದನ್ನು ವಿದ್ಯುತ್ ಒತ್ತಡ ಎಂದುಕೊಂಡು ‘ವಿದ್ಯುತ್’ ಬಿಟ್ಟಿದ್ದಾರೆ. ವಿದ್ಯುತ್ತಿನ ಪದಗಳಲ್ಲಿ ‘ವೋಲ್ಟೇಜ್’ ಮಾತ್ರ, ‘ಒತ್ತಡ’ ನೀರು ಮತ್ತು ಎಣ್ಣೆಗೆ ಮಾತ್ರ ಎಂದು ಗಡಿ ಹಾಕಿದರೆ ಇದು ತಪ್ಪುತ್ತದೆ. ಉಳಿದದ್ದನ್ನು ಮನುಷ್ಯರೇ ಓದಿ ಹಿಡಿಯಬೇಕು.

ಹಾಗೆ ಓದಿಸಲು ಅತ್ಯುತ್ತಮ ವ್ಯಕ್ತಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿದ್ದಾನೆ. ಒಮ್ಮೆ ಅಂಥ ಅಂಗಡಿಯೊಂದರಲ್ಲಿ, ಬಿಚ್ಚಿ ಹರಡಿದ ಮಾನೋಬ್ಲಾಕಿನ ಮುಂದೆ ಕುಳಿತಿದ್ದ ಮೆಕ್ಯಾನಿಕ್‌ಗೆ ನಮ್ಮ ಕರಡಿನ ಒಂದು ಪುಟ ಕೊಟ್ಟು, ‘ಅಣ್ಣಾ, ಇದರಲ್ಲಿ ಹೇಳಿದ ಭಾಗಗಳನ್ನು ತೋರಿಸ್ತೀರಾ?’ ಎಂದು ಕೇಳಿದೆ. ಇಂಪೆಲ್ಲರ್, ಶಾಫ್ಟ್, ಗ್ಲ್ಯಾಂಡ್ ಎಲ್ಲವನ್ನೂ ಗ್ರೀಸಿನ ಬೆರಳಿನಿಂದ ಮುಟ್ಟಿ ತೋರಿಸುತ್ತ ಬಂದವರು ‘ಹಿಮ್ಮುಖ ತಡೆ ಕವಾಟ’ದ ಹತ್ತಿರ ನಿಂತರು. ‘ಸಾರ್, ಇದು ನಮ್ ಹತ್ರ ಇಲ್ಲ, ಕಂಪ್ನಿಯಿಂದ ತರಿಸ್ಬೇಕು’ ಎಂದರು. ಅದೇ ವಸ್ತು ಅವರ ಹಿಂದಿನ ಕಪಾಟಿನಲ್ಲಿ ಸಾಲಾಗಿತ್ತು. ಪೆಟ್ಟಿಗೆಗಳ ಮೇಲೆ ಎನ್‌ಆರ್‌ವಿ ಎಂದು ಬರೆದಿತ್ತು. ಆ ನಮೂದು ಅಂದೇ ಬದಲಾಯಿತು. ಪ್ರತಿ ಹೊಸ ಕೈಪಿಡಿಯ ಕರಡಿನ ಒಂದೆರಡು ಪುಟಗಳನ್ನು ಹೀಗೆ ಭಾಗ ಮುಟ್ಟಿಸಿ ನೋಡುವುದು ಯಾವ ಸಭೆಗಿಂತಲೂ ಬೇಗ ವಾದವನ್ನು ತೀರಿಸುತ್ತದೆ.

ಆದರೆ ಒಪ್ಪಿದ ಪದವನ್ನು ಬದಲಿಸುವುದು ಹಗುರವಾದ ಕೆಲಸವಲ್ಲ. ಹಳೆಯ ಪದ ಆಗಲೇ ಅಚ್ಚಾದ ಕೈಪಿಡಿಗಳಲ್ಲಿದೆ, ಬಿಡಿಭಾಗಗಳ ಪಟ್ಟಿಯಲ್ಲಿದೆ, ಹಿಂದಿನ ಅನುವಾದಗಳನ್ನು ಕೂಡಿಟ್ಟ ಸ್ಮೃತಿಕೋಶದಲ್ಲಿದೆ. ಪದಕೋಶದಲ್ಲಿ ಮಾತ್ರ ಬದಲಿಸಿದರೆ ಸ್ಮೃತಿಕೋಶ ಹಳೆಯ ವಾಕ್ಯವನ್ನೇ ಎತ್ತಿಕೊಡುತ್ತ, ಹೊಸ ಕೈಪಿಡಿಯಲ್ಲಿ ಎರಡೂ ಬೆರೆಯುತ್ತವೆ. ಹಾಗಾಗಿ ಬದಲಾವಣೆಗೆ ಒಬ್ಬರೇ ಹೊಣೆಗಾರರಿರಬೇಕು. ಯಾರು ಬೇಕಾದರೂ ಸಲಹೆ ಬರೆಯಬಹುದು, ಅಂತಿಮವಾಗಿ ಮುದ್ರೆ ಒತ್ತುವವರು ಒಬ್ಬರು. ಹಳೆಯ ಪದವನ್ನು ಅಳಿಸದೆ ‘ಬಳಸಬಾರದು’ ಅಂಕಣಕ್ಕೆ ಸರಿಸಿ, ತಾರೀಕು ಹಾಕಿ, ಸ್ಮೃತಿಕೋಶದಲ್ಲಿ ಆ ಪದವಿರುವ ವಾಕ್ಯಗಳನ್ನು ಹುಡುಕಿ ತಿದ್ದಬೇಕು. ಅಚ್ಚಾಗಿ ಹೋದ ಕೈಪಿಡಿಯ ಗ್ರಾಹಕ ಹಳೆಯ ಹೆಸರು ಹೇಳಿ ಫೋನ್ ಮಾಡಿದಾಗ, ಸಹಾಯವಾಣಿಯವರು ಅದೇ ಅಂಕಣ ನೋಡಿ ಅವನು ಕೇಳುತ್ತಿರುವುದು ಯಾವ ಭಾಗ ಎಂದು ತಿಳಿದುಕೊಳ್ಳುತ್ತಾರೆ.